ಒಂದು ಅಣೆಕಟ್ಟು, ಎರಡು ಸಿದ್ಧಾಂತ, 45 ನಿಮಿಷ

ಬಡ ದೇಶಗಳು ಹಿಂದುಳಿದದ್ದೇಕೆ ಎಂಬುದನ್ನು ಆಧುನೀಕರಣ ಸಿದ್ಧಾಂತಕ್ಕಿಂತ ಅವಲಂಬನಾ ಸಿದ್ಧಾಂತ ಚೆನ್ನಾಗಿ ವಿವರಿಸುತ್ತದೆಯೇ? ಸಮಾಜಶಾಸ್ತ್ರದ ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬಂದಾಗ ಚೆನ್ನಾಗಿ ಓದಿಕೊಂಡವರೂ ಎಡವುತ್ತಾರೆ. ಮೊದಲೆರಡು ಪುಟ ರೋಸ್ಟೋ, ಮುಂದಿನೆರಡು ಪುಟ ಫ್ರಾಂಕ್, ಕೊನೆಗೆ ಎರಡರಲ್ಲೂ ಗುಣದೋಷಗಳಿವೆ ಎಂಬ ಒಂದು ಸಾಲು. ಎರಡು ಟಿಪ್ಪಣಿಗಳು ಅಕ್ಕಪಕ್ಕ ಕೂತಿರುತ್ತವೆ, ಹೋಲಿಕೆ ಮಾತ್ರ ನಡೆದಿರುವುದಿಲ್ಲ.

45 ನಿಮಿಷದಲ್ಲಿ ಮೊದಲ 7 ನಿಮಿಷವನ್ನು ಯೋಜನೆಗೇ ಕೊಡಬೇಕು. ಉತ್ತರವನ್ನು ಸಿದ್ಧಾಂತಗಳ ಹೆಸರಿನಲ್ಲಿ ಭಾಗ ಮಾಡದೆ ಪ್ರಶ್ನೆಗಳ ಮೇಲೆ ಕಟ್ಟುವುದು ಲೇಸು. ಬಡತನದ ಮೂಲ ಎಲ್ಲಿದೆ? ಹೊರಗಿನ ಬಂಡವಾಳ ಬಂದರೆ ಏನಾಗುತ್ತದೆ? ಪಾರಾಗುವ ದಾರಿ ಯಾವುದು? ಒಂದೊಂದು ಪ್ರಶ್ನೆಗೂ ಎರಡೂ ಸಿದ್ಧಾಂತಗಳು ಉತ್ತರ ಕೊಡಲಿ.

ಮೂಲದ ಪ್ರಶ್ನೆಯಲ್ಲೇ ದಾರಿಗಳು ಕವಲೊಡೆಯುತ್ತವೆ. 1960ರಲ್ಲಿ ಐದು ಹಂತಗಳ ಪುಸ್ತಕ ಬರೆದ ರೋಸ್ಟೋ ಪ್ರಕಾರ ಕೊರತೆ ದೇಶದ ಒಳಗಿದೆ. ಹೂಡಿಕೆ ರಾಷ್ಟ್ರೀಯ ಆದಾಯದ ಶೇ. 5ರಿಂದ ಶೇ. 10ನ್ನು ದಾಟಿದರೆ ದೇಶ ಮೇಲೇಳುತ್ತದೆ. ಚಿಲಿ ಮತ್ತು ಬ್ರೆಜಿಲ್ ಚರಿತ್ರೆಯನ್ನು ಕೆದಕಿದ ಆಂಡ್ರೆ ಗುಂಡರ್ ಫ್ರಾಂಕ್ 1967ರಲ್ಲಿ ಇದನ್ನು ತಿರುಗಿಸಿಟ್ಟ: ಈ ದೇಶಗಳು ಹಿಂದೆ ಉಳಿದವಲ್ಲ, ಶ್ರೀಮಂತ ಕೇಂದ್ರಗಳ ಜೊತೆಗಿನ ಸಂಬಂಧವೇ ಅವನ್ನು ಹಿಂದಕ್ಕೆ ತಳ್ಳಿತು.

ಎರಡನೆಯ ಪ್ರಶ್ನೆಗೆ ಘಾನಾದ ಆಕೊಸೊಂಬೊ ಅಣೆಕಟ್ಟಿನಷ್ಟು ಹೊಂದುವ ಉದಾಹರಣೆ ಸಿಗುವುದು ಕಷ್ಟ. ವೋಲ್ಟಾ ನದಿಗೆ ಕಟ್ಟಿದ ಈ ಅಣೆಕಟ್ಟನ್ನು ಎನ್‌ಕ್ರುಮಾ 1966ರ ಜನವರಿಯಲ್ಲಿ ಉದ್ಘಾಟಿಸಿದರು. ಸುಮಾರು 80,000 ಜನ ಊರು ಬಿಟ್ಟರು. ವಿದೇಶಿ ಸಾಲ, ವಿದ್ಯುತ್, ಕೈಗಾರಿಕೆ, ಎಲ್ಲವೂ ಬಂತು. ಇಷ್ಟು ನೋಡಿದರೆ ರೋಸ್ಟೋ ಹೇಳಿದಂತೆಯೇ ನಡೆದಿದೆ. ಆದರೆ ಆ ವಿದ್ಯುತ್ತಿನ ದೊಡ್ಡ ಪಾಲು ಅಗ್ಗದ ದರಕ್ಕೆ ಹೋದದ್ದು ತೇಮಾದಲ್ಲಿದ್ದ ಅಮೆರಿಕನ್ ಒಡೆತನದ ಅಲ್ಯೂಮಿನಿಯಂ ಕಾರ್ಖಾನೆಗೆ. ಘಾನಾದ ನೆಲದಲ್ಲೇ ಬಾಕ್ಸೈಟ್ ಇದ್ದರೂ ಕಾರ್ಖಾನೆ ಹೊರದೇಶದಿಂದ ತರಿಸಿದ ಅಲ್ಯೂಮಿನಾ ಬಳಸಿತು. ಫ್ರಾಂಕ್ ಬೆರಳಿಟ್ಟು ತೋರಿಸುವುದು ಇಲ್ಲಿಗೇ.

ಇಷ್ಟಕ್ಕೆ ನಿಲ್ಲಿಸಿದರೆ ಉತ್ತರ ಒಂದೇ ಕಡೆಗೆ ವಾಲುತ್ತದೆ. ಮೂರನೆಯ ಪ್ರಶ್ನೆಗೆ ದಕ್ಷಿಣ ಕೊರಿಯಾ ಬೇಕು. 1960ರ ಸುಮಾರಿಗೆ ಅದರ ತಲಾ ಆದಾಯ ಘಾನಾದ ಆಸುಪಾಸಿನಲ್ಲೇ ಇತ್ತು. ವಿಶ್ವ ಮಾರುಕಟ್ಟೆಗೆ ಮಾರಿಯೇ ಅದು ಬೆಳೆಯಿತು, ಹಾಗಾಗಿ ಫ್ರಾಂಕ್ ಮಾತು ಪೂರ್ತಿ ನಿಲ್ಲುವುದಿಲ್ಲ. ಆದರೆ ಭೂಸುಧಾರಣೆ, ಸರ್ಕಾರದ ಕೈಯಲ್ಲಿದ್ದ ಬ್ಯಾಂಕ್ ಸಾಲ, ವಿದೇಶಿ ಬಂಡವಾಳದ ಮೇಲಿನ ಹಿಡಿತ, ಶೀತಲ ಸಮರದ ಕಾಲದ ಅಮೆರಿಕದ ನೆರವು ಇವುಗಳಿಲ್ಲದೆ ಆ ಕಥೆ ಇಲ್ಲ. ರೋಸ್ಟೋನ ಏಣಿಯಲ್ಲಿ ಇವಕ್ಕೆಲ್ಲ ಸರಿಯಾದ ಮೆಟ್ಟಿಲಿಲ್ಲ.

ಅಲ್ಲಿಗೆ ತೀರ್ಪಿನ ವಾಕ್ಯ ತಾನಾಗಿ ಸಿಗುತ್ತದೆ: ಹೊರಗಿನ ಸಂಬಂಧ ಎಂಥದ್ದೆಂಬುದನ್ನು ಅವಲಂಬನಾ ಸಿದ್ಧಾಂತ ಚೆನ್ನಾಗಿ ಗುರುತಿಸುತ್ತದೆ, ಆದರೆ ಆ ಸಂಬಂಧದೊಳಗೇ ಇದ್ದು ಸರ್ಕಾರವೊಂದು ಏನು ಸಾಧಿಸಬಲ್ಲದು ಎಂಬುದನ್ನು ಅಷ್ಟಾಗಿ ಕಾಣುವುದಿಲ್ಲ. ಈ ವಾಕ್ಯವನ್ನು ಪೀಠಿಕೆಯಲ್ಲೇ ಬರೆಯಬೇಕು. ಏಳನೇ ನಿಮಿಷಕ್ಕೆ ಇಂಥದ್ದೊಂದು ವಾಕ್ಯ ಕೈಗೆ ಸಿಗದಿದ್ದರೆ ಇನ್ನೆರಡು ನಿಮಿಷ ಯೋಚಿಸಿ, ಆಮೇಲೆ ಪೆನ್ನು ಓಡಿಸಿ.