ಬಾಣಲೆಗೆ ಬೆಂಕಿ ಹತ್ತಿದರೆ ಮೊದಲು ಮುಚ್ಚಳ

ಗೋಕುಲಾಷ್ಟಮಿಯ ಹಿಂದಿನ ದಿನ. ಚಕ್ಕುಲಿಗೆಂದು ದೊಡ್ಡ ಉರಿಯಲ್ಲಿ ಎಣ್ಣೆ ಇಟ್ಟವರು ಬಾಗಿಲಿಗೆ ಬಂದವರ ಜೊತೆ ಮಾತಿಗೆ ನಿಲ್ಲುತ್ತಾರೆ. ಕರಿಯಲು ಎಣ್ಣೆ 170ರಿಂದ 190 ಡಿಗ್ರಿ ಸೆಲ್ಸಿಯಸ್ ಕಾದರೆ ಸಾಕು. ರಿಫೈನ್ಡ್ ಎಣ್ಣೆ 230ರ ಆಸುಪಾಸಿಗೆ ಬಂದಾಗ ಹೊಗೆಯಾಡತೊಡಗುತ್ತದೆ, ಘಾಟು ಮೂಗಿಗೆ ಬಡಿಯುತ್ತದೆ. ಆಗಲೇ ಒಲೆ ಆರಿಸಿದರೆ ಮುಗಿಯಿತು. ಮಾತು ಮುಂದುವರಿದು ಶಾಖ 350 ಡಿಗ್ರಿ ದಾಟಿತೋ, ಕಿಡಿ ತಾಕದಿದ್ದರೂ ಎಣ್ಣೆ ತಾನಾಗಿ ಹೊತ್ತಿಕೊಳ್ಳಬಹುದು.

ಕೈ ಹೋಗುವುದು ಪಕ್ಕದ ಚೊಂಬಿಗೆ. ಸೌದೆಯ ಬೆಂಕಿಗೆ ನೀರು ಹಾಕಿ ರೂಢಿಯಾದ ಕೈ ಅದು.

ಎಣ್ಣೆಗಿಂತ ನೀರು ಭಾರ. ಮೇಲೆ ನಿಂತು ಉರಿಯನ್ನು ಮುಚ್ಚುವ ಬದಲು ಸುಡುವ ಎಣ್ಣೆಯೊಳಗೆ ಮುಳುಗುತ್ತದೆ. ನೂರು ಡಿಗ್ರಿಗೇ ಕುದಿಯುವ ನೀರು ಮುನ್ನೂರು ದಾಟಿದ ಎಣ್ಣೆಯ ನಡುವೆ ಸಿಕ್ಕಿದರೆ ಕ್ಷಣದಲ್ಲಿ ಆವಿಯಾಗುತ್ತದೆ. ಹಾಗೆ ಆವಿಯಾದ ನೀರಿಗೆ ಬೇಕಾಗುವ ಜಾಗ ಸುಮಾರು 1,700 ಪಟ್ಟು ಹೆಚ್ಚು. ಒಂದು ದೊಡ್ಡ ಚಮಚ, ಅಂದರೆ 15 ಮಿಲಿಲೀಟರ್ ನೀರಿನಿಂದ 25 ಲೀಟರಿಗೂ ಮಿಕ್ಕಿದ ಆವಿ ಹುಟ್ಟುತ್ತದೆ. ಮನೆಗೆ ತರಿಸುವ 20 ಲೀಟರಿನ ನೀರಿನ ಕ್ಯಾನಿನಲ್ಲೂ ಅದು ಹಿಡಿಸದು. ಈ ಆವಿ ಮೇಲೇಳುವಾಗ ಎಣ್ಣೆಯನ್ನು ಸಣ್ಣ ಹನಿಗಳಾಗಿ ಎರಚುತ್ತದೆ. ಬಾಣಲೆಯಲ್ಲಿದ್ದಾಗ ಎಣ್ಣೆಯ ಮೇಲ್ಪದರಕ್ಕಷ್ಟೇ ಗಾಳಿ ಸಿಗುತ್ತಿತ್ತು. ಈಗ ಪ್ರತಿ ಹನಿಯ ಸುತ್ತಲೂ ಗಾಳಿ. ಅಷ್ಟೂ ಒಟ್ಟಿಗೆ ಹೊತ್ತಿ, ಬೆಂಕಿ ಸೂರಿಗೆ ಮುಟ್ಟುತ್ತದೆ. ಚೊಂಬು ಹಿಡಿದವರ ಮುಖ ಅಲ್ಲೇ ಇರುತ್ತದೆ.

ಮಾಡಬೇಕಾದ್ದು ಕಡಿಮೆ. ನಾಬ್ ಕೈಗೆ ಎಟಕಿದರೆ ಒಲೆ ಆರಿಸಬೇಕು. ಉರಿಯ ಮೇಲಿಂದ ಕೈಚಾಚಬೇಕಾಗಿ ಬಂದರೆ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡುವುದು ಮೇಲು. ಬಳಿಕ ಬಾಣಲೆಗಿಂತ ಅಗಲವಾದ ಲೋಹದ ಮುಚ್ಚಳ ಅಥವಾ ಪರಾತವನ್ನು ಗುರಾಣಿಯಂತೆ ಮುಂದೆ ಹಿಡಿದು, ತಮ್ಮ ಕಡೆಯಿಂದ ಆಚೆಗೆ ಜಾರಿಸುತ್ತ ಮುಚ್ಚಬೇಕು. ಗಾಜಿನದು ಒಡೆಯಬಹುದು. ಬಾಣಲೆಯನ್ನು ಎತ್ತಿ ಸಿಂಕಿಗೆ ಒಯ್ಯುವ ಸಾಹಸವಂತೂ ಕೂಡದು; ತುಳುಕಿದ ಎಣ್ಣೆ ಕಾಲಿಗೂ ಬಟ್ಟೆಗೂ ಬೆಂಕಿ ಹಚ್ಚುತ್ತದೆ. ಕೈಗೆ ಸಿಕ್ಕಿತೆಂದು ಮೈದಾ ಎರಚಿದರೆ ಆ ಹುಡಿಯೂ ಉರಿಯುತ್ತದೆ.

ಎಡವುವುದು ಹೆಚ್ಚಾಗಿ ಇದಾದ ಮೇಲೆ. ಉರಿ ಕಾಣುತ್ತಿಲ್ಲವೆಂದು ಎರಡೇ ನಿಮಿಷಕ್ಕೆ ಮುಚ್ಚಳ ತೆರೆಯುತ್ತಾರೆ. ಆರಿದ್ದು ಗಾಳಿ ಸಿಗದೆ, ಎಣ್ಣೆ ತಣಿದು ಅಲ್ಲ. ಗಾಳಿ ತಾಕಿದರೆ ಮತ್ತೆ ಭಗ್ಗೆನ್ನುತ್ತದೆ. ಬಾಣಲೆ ಪೂರ್ತಿ ತಣ್ಣಗಾಗುವವರೆಗೆ, ಗಂಟೆಗಟ್ಟಲೆ ಆದರೂ ಸರಿ, ಮುಚ್ಚಳ ಮುಟ್ಟಬಾರದು.

ಮುಚ್ಚಳ ಸಿಗದಿದ್ದರೆ, ಅಥವಾ ಬೆಂಕಿ ಆಗಲೇ ಚಿಮಣಿಗೋ ಮರದ ಕಪಾಟಿಗೋ ಹತ್ತಿದ್ದರೆ, ಸೆಣಸಾಡುತ್ತ ನಿಲ್ಲುವಂತಿಲ್ಲ. ಮನೆಯವರನ್ನೆಲ್ಲ ಹೊರಡಿಸಿ, ಅಡುಗೆಮನೆಯ ಬಾಗಿಲು ಎಳೆದುಕೊಂಡು, ಹೊರಗಿನಿಂದ 112ಕ್ಕೋ 101ಕ್ಕೋ ಕರೆ ಮಾಡಬೇಕು.