ಹೆಸರು ಬದಲಾದರೂ ನಂಟು ಉಳಿಯಬೇಕು

ಬ್ಯಾಂಕಿನ ತಂತ್ರಾಂಶದಲ್ಲಿ ಬಡ್ಡಿ ಲೆಕ್ಕ ಹಾಕುವ ಭಾಗವನ್ನು ಬದಲಿಸಿದಾಗ, ಅದನ್ನು ಗ್ರಾಹಕರ ನಿಜವಾದ ಖಾತೆಗಳ ಮೇಲೆ ಓಡಿಸುವ ಮೊದಲು ಟೆಸ್ಟ್ ಡೇಟಾಬೇಸಿನಲ್ಲಿ ಪರೀಕ್ಷಿಸುತ್ತಾರೆ. ಕೈಯಾರೆ ತುಂಬಿದ ಹತ್ತಿಪ್ಪತ್ತು ಖಾತೆಗಳು ಈ ಕೆಲಸಕ್ಕೆ ಸಾಲವು. ಮೂವರ ಹೆಸರಿನ ಜಂಟಿ ಖಾತೆ, ಹತ್ತು ವರ್ಷದಿಂದ ವಹಿವಾಟೇ ಇಲ್ಲದ ಖಾತೆ, ಫೆಬ್ರವರಿ 29ರಂದು ಇಟ್ಟ ಠೇವಣಿ, ಇವೆಲ್ಲ ಇರುವುದು ನಿಜವಾದ ಡೇಟಾದಲ್ಲಿ ಮಾತ್ರ. ಹಾಗೆಂದು ಪ್ರೊಡಕ್ಷನ್ ಡೇಟಾಬೇಸನ್ನೇ ನಕಲು ಮಾಡಿಟ್ಟರೆ, ಗ್ರಾಹಕರ ಫೋನ್, ವಿಳಾಸ, ಬಾಕಿ ಮೊತ್ತಗಳೆಲ್ಲ ಹೊರಗುತ್ತಿಗೆಯ ಡೆವಲಪರ್‌ಗಳ ಲ್ಯಾಪ್‌ಟಾಪ್ ಸೇರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸೂಕ್ತ ಭದ್ರತೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು. ಡೇಟಾದ ಸ್ವರೂಪವನ್ನು ಉಳಿಸಿಕೊಂಡು ವ್ಯಕ್ತಿಯ ಗುರುತನ್ನು ಮಾತ್ರ ಅಳಿಸುವ ಕೆಲಸಕ್ಕೆ ಡೇಟಾ ಮಾಸ್ಕಿಂಗ್ ಎನ್ನುತ್ತಾರೆ.

ಮೂರು ಲಕ್ಷ ಗ್ರಾಹಕರಿರುವ ಒಂದು ಸಹಕಾರಿ ಬ್ಯಾಂಕನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಗ್ರಾಹಕರು, ಖಾತೆಗಳು, ವಹಿವಾಟುಗಳು ಎಂಬ ಮೂರು ಟೇಬಲ್‌ಗಳು ಗ್ರಾಹಕ ಸಂಖ್ಯೆ ಮತ್ತು ಖಾತೆ ಸಂಖ್ಯೆಗಳ ಮೂಲಕ ಒಂದಕ್ಕೊಂದು ಬೆಸೆದುಕೊಂಡಿವೆ. ಸಾಲ ವಿಭಾಗದ ತಂತ್ರಾಂಶ ಬೇರೆ. ಅಲ್ಲಿ ಅದೇ ಗ್ರಾಹಕರನ್ನು ಮೊಬೈಲ್ ಸಂಖ್ಯೆಯಿಂದ ಗುರುತಿಸುತ್ತಾರೆ. ಪ್ರತಿ ಟೇಬಲಿನಲ್ಲೂ ಮನಬಂದಂತೆ ಹೊಸ ಸಂಖ್ಯೆ ತುಂಬಿದರೆ ಈ ಬೆಸುಗೆ ಕಳಚುತ್ತದೆ. ಖಾತೆಗೆ ಒಡೆಯನಿರುವುದಿಲ್ಲ, ಸಾಲಕ್ಕೆ ಸಾಲಗಾರನಿರುವುದಿಲ್ಲ. ಆದ್ದರಿಂದ ಒಂದು ಮೂಲ ಸಂಖ್ಯೆ ಎಲ್ಲೇ ಬಂದರೂ, ಯಾವ ತಂತ್ರಾಂಶದಲ್ಲೇ ಇದ್ದರೂ, ಅದೇ ಹೊಸ ಸಂಖ್ಯೆಯಾಗಿ ಬದಲಾಗಬೇಕು ಎಂಬುದು ಮಾಸ್ಕಿಂಗ್‌ನ ಮೊದಲ ನಿಯಮ.

ಇದಕ್ಕೆ ಸುಲಭವಾಗಿ ಕೈಗೆ ಸಿಗುವ ಉಪಾಯ ಹ್ಯಾಶ್. ಒಂದೇ ಸಂಖ್ಯೆಗೆ ಸದಾ ಒಂದೇ ಉತ್ತರ ಕೊಡುವ, ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಲಾಗದ ಗಣಿತ ಸೂತ್ರ ಅದು. ಆದರೆ ಬರಿಯ ಹ್ಯಾಶನ್ನು ನಂಬಿದರೆ ಏನಾಗುತ್ತದೆ ಎಂಬುದನ್ನು 2014ರಲ್ಲಿ ನ್ಯೂಯಾರ್ಕ್ ನಗರ ಕಂಡಿತು. ಅಲ್ಲಿನ ಟ್ಯಾಕ್ಸಿಗಳ 17 ಕೋಟಿಗೂ ಹೆಚ್ಚು ಪ್ರಯಾಣಗಳ ವಿವರ ಬಹಿರಂಗವಾದಾಗ ಟ್ಯಾಕ್ಸಿಯ ಪರವಾನಗಿ ಸಂಖ್ಯೆಗಳನ್ನು ಎಂಡಿ5 ಎಂಬ ಹ್ಯಾಶ್‌ನಿಂದ ಮರೆಮಾಡಲಾಗಿತ್ತು. ಅಂಥ ಸಂಖ್ಯೆಗಳ ಮಾದರಿಗಳು ಬೆರಳೆಣಿಕೆಯಷ್ಟೇ ಇದ್ದುದರಿಂದ, ಸಾಧ್ಯವಿರುವ ಎಲ್ಲ ಸಂಖ್ಯೆಗಳ ಹ್ಯಾಶನ್ನೂ ಲೆಕ್ಕ ಹಾಕಿ ಹೋಲಿಸಿದಾಗ ಮೂಲ ಸಂಖ್ಯೆಗಳೆಲ್ಲ ಹೊರಬಂದವು. ನಮ್ಮ ಮೊಬೈಲ್ ಸಂಖ್ಯೆಗಳದ್ದೂ ಇದೇ ಕಥೆ. 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವ ಹತ್ತಂಕಿಯ ಸಂಖ್ಯೆಗಳು ಒಟ್ಟು 400 ಕೋಟಿ. ಇವತ್ತಿನ ಒಂದು ಸಾಧಾರಣ ಕಂಪ್ಯೂಟರಿಗೆ ಅದು ದೊಡ್ಡ ಲೆಕ್ಕವಲ್ಲ. ಹಾಗಾಗಿ ಹ್ಯಾಶ್ ಲೆಕ್ಕದೊಳಗೆ ಒಂದು ರಹಸ್ಯ ಕೀಲಿಯನ್ನೂ ಸೇರಿಸಬೇಕು, ಆ ಕೀಲಿ ಟೆಸ್ಟ್ ಪರಿಸರದ ಹತ್ತಿರ ಸುಳಿಯಲೂ ಬಾರದು. ಎಚ್‌ಮ್ಯಾಕ್ ಎಂಬ ವಿಧಾನ ಇರುವುದೇ ಇದಕ್ಕೆ.

ಅಲ್ಲಿಗೂ ಒಂದು ತೊಡಕು ಉಳಿಯುತ್ತದೆ. ಎಚ್‌ಮ್ಯಾಕ್‌ನ ಉದ್ದ ಉತ್ತರವನ್ನು ಕತ್ತರಿಸಿ ಹತ್ತಂಕಿಯ ಮೊಬೈಲ್ ಸಂಖ್ಯೆ ಮಾಡಿದರೆ, ಬೇರೆ ಬೇರೆ ಇಬ್ಬರಿಗೆ ಒಂದೇ ಸಂಖ್ಯೆ ಬರುವ ಸಂಭವವಿದೆ. 400 ಕೋಟಿ ಸಾಧ್ಯತೆಗಳಲ್ಲಿ ಮೂರು ಲಕ್ಷ ಗ್ರಾಹಕರನ್ನು ಹಂಚಿದರೆ ಸರಾಸರಿ ಹನ್ನೊಂದು ಜೋಡಿಗಳು ಹೀಗೆ ಡಿಕ್ಕಿಯಾಗುತ್ತವೆ. ಒಂದು ಸಂಖ್ಯೆಗೆ ಒಬ್ಬನೇ ಗ್ರಾಹಕ ಎಂಬ ನಿರ್ಬಂಧ ಆ ಕಾಲಂ ಮೇಲಿದ್ದರೆ ಡೇಟಾ ತುಂಬುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಇದನ್ನು ತಪ್ಪಿಸುವುದು ಸ್ವರೂಪ ಉಳಿಸುವ ಗೂಢಲಿಪೀಕರಣ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಪ್ರಕಟಿಸಿದ ಎಫ್‌ಎಫ್1 ವಿಧಾನ ಈ ಬಗೆಯದು. ಮೊದಲ ಅಂಕಿಯನ್ನು ಹಾಗೇ ಬಿಟ್ಟು ಉಳಿದ ಒಂಬತ್ತು ಅಂಕಿಗಳನ್ನು ಅದಕ್ಕೆ ಕೊಟ್ಟರೆ ಬೇರೆ ಒಂಬತ್ತು ಅಂಕಿಗಳೇ ಸಿಗುತ್ತವೆ. ಎರಡು ಮೂಲಗಳು ಒಂದೇ ಉತ್ತರಕ್ಕೆ ಬರುವುದಿಲ್ಲ. ಹೀಗೆ ಹುಟ್ಟಿದ ಸಂಖ್ಯೆ ಇನ್ಯಾರದೋ ನಿಜವಾದ ಫೋನ್ ಆಗಿರಬಹುದು ಎಂಬುದನ್ನು ಮಾತ್ರ ಮರೆಯಬಾರದು. ಟೆಸ್ಟ್ ವ್ಯವಸ್ಥೆಯಿಂದ ಎಸ್‌ಎಂಎಸ್ ಹೊರಹೋಗುವ ದಾರಿಯನ್ನು ಮೊದಲೇ ಮುಚ್ಚಿರಬೇಕು. ಇಲ್ಲದಿದ್ದರೆ ಸಂಬಂಧವೇ ಇಲ್ಲದ ಯಾರಿಗೋ ಸಾಲದ ಕಂತಿನ ನೋಟಿಸ್ ಹೋಗುತ್ತದೆ.

ಪ್ರತಿ ಕಾಲಂಗೂ ಅದರದೇ ಒಳನಿಯಮ ಇರುತ್ತದೆ. ಆಧಾರ್‌ನ ಹನ್ನೆರಡನೆಯ ಅಂಕಿ ಉಳಿದ ಹನ್ನೊಂದರಿಂದ ವೆರ್ಹೂಫ್ ಎಂಬ ಸೂತ್ರದ ಮೂಲಕ ಬರುವ ತಪಾಸಣಾ ಅಂಕಿ. ಮೊದಲ ಹನ್ನೊಂದನ್ನು ಬದಲಿಸಿದ ಮೇಲೆ ಅದನ್ನೂ ಹೊಸದಾಗಿ ಲೆಕ್ಕ ಹಾಕದಿದ್ದರೆ ತಂತ್ರಾಂಶ ಆ ದಾಖಲೆಯನ್ನು ತಿರಸ್ಕರಿಸುತ್ತದೆ. ಪ್ಯಾನ್‌ನ ನಾಲ್ಕನೆಯ ಅಕ್ಷರ ವ್ಯಕ್ತಿಗೆ P, ಕಂಪನಿಗೆ C. ಅದನ್ನು ಕದಲಿಸಿದರೆ ಅಂಗಡಿಯ ಮಾಲೀಕ ಕಂಪನಿಯಾಗಿಬಿಡುತ್ತಾನೆ.

ಹೆಸರುಗಳ ವಿಷಯದಲ್ಲಿ ಕನ್ನಡ ಬಳಸುವ ಬ್ಯಾಂಕುಗಳಿಗೆ ಇನ್ನಷ್ಟು ಎಚ್ಚರ ಬೇಕು. ‘ಕೃಷ್ಣಮೂರ್ತಿ’ ಎಂಬುದು ಕಣ್ಣಿಗೆ ನಾಲ್ಕೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಹನ್ನೊಂದು ಸಂಕೇತಗಳು, ಯುಟಿಎಫ್-8ರಲ್ಲಿ 33 ಬೈಟ್. ಪಾಸ್‌ಬುಕ್ ಮುದ್ರಿಸುವ ಭಾಗ 30 ಬೈಟ್‌ಗೆ ಹೆಸರನ್ನು ಕತ್ತರಿಸುತ್ತಿದ್ದರೆ ಕೊನೆಯ ಅಕ್ಷರದ ಗುಡಿಸು ಕಳಚಿಬೀಳುತ್ತದೆ. ಎಲ್ಲ ಹೆಸರುಗಳ ಜಾಗದಲ್ಲಿ ‘TEST1’, ‘TEST2’ ಎಂದು ತುಂಬಿದ ಡೇಟಾಬೇಸಿನಲ್ಲಿ ಈ ದೋಷ ಎಂದೂ ಬೆಳಕಿಗೆ ಬರುವುದಿಲ್ಲ. ಕನ್ನಡ ಹೆಸರಿಗೆ ಕನ್ನಡ ಹೆಸರನ್ನೇ, ಸುಮಾರು ಅಷ್ಟೇ ಉದ್ದದ್ದನ್ನು, ಒಂದು ಪಟ್ಟಿಯಿಂದ ಕೀಲಿಯ ಸಹಾಯದಿಂದ ಆರಿಸುವುದು ಸರಿಯಾದ ಕ್ರಮ.

ಗಾತ್ರದ ಪ್ರಶ್ನೆ ಬರಿಯ ಸಾಲುಗಳ ಎಣಿಕೆಯದ್ದಲ್ಲ. ಮಂಡಿ ವ್ಯಾಪಾರಿಯ ಚಾಲ್ತಿ ಖಾತೆಯಲ್ಲಿ ದಿನಕ್ಕೆ ನೂರಾರು ವಹಿವಾಟು, ನಿವೃತ್ತರ ಉಳಿತಾಯ ಖಾತೆಯಲ್ಲಿ ತಿಂಗಳಿಗೆ ಎರಡು. ಎಲ್ಲ ಖಾತೆಗೂ ಸಮನಾಗಿ ಇನ್ನೂರು ಸಾಲು ಹಂಚಿದರೆ ಟೆಸ್ಟ್‌ನಲ್ಲಿ ಥಟ್ಟನೆ ಬರುವ ಸ್ಟೇಟ್‌ಮೆಂಟ್, ನಿಜವಾದ ವ್ಯಾಪಾರಿಯ ಖಾತೆಯಲ್ಲಿ ನಿಮಿಷಗಟ್ಟಲೆ ಕಾಯಿಸುತ್ತದೆ. ಪೂರ್ತಿ ಡೇಟಾ ಇಡಲು ಜಾಗವಿಲ್ಲದಿದ್ದರೆ ಶೇ. 5ರಷ್ಟು ಗ್ರಾಹಕರನ್ನು ಆರಿಸಿ, ಅವರ ಖಾತೆಗಳು, ಆ ಖಾತೆಗಳ ಎಲ್ಲ ವಹಿವಾಟು, ಅವರ ಸಾಲಕ್ಕೆ ನಿಂತ ಜಾಮೀನುದಾರರು, ಹೀಗೆ ನಂಟಿನ ಎಳೆ ಹಿಡಿದು ಹೋಗಬೇಕು. ಪ್ರತಿ ಟೇಬಲಿನಿಂದ ಬೇರೆ ಬೇರೆಯಾಗಿ ಶೇ. 5 ತೆಗೆದರೆ ಸಿಗುವುದು ಚೂರುಗಳಷ್ಟೇ. ವೇಗದ ಪರೀಕ್ಷೆಗಾದರೆ ಈ ಸಣ್ಣ ನಕಲು ಸಾಲದು. ಅದಕ್ಕೆ ಪೂರ್ಣ ಗಾತ್ರವೇ ಬೇಕು.

ಕೆಲಸ ಮುಗಿದ ಮೇಲೆ ಒಡೆಯನಿಲ್ಲದ ಖಾತೆಗಳು ಉಳಿದಿವೆಯೇ ಎಂದು ಹೀಗೆ ನೋಡಬಹುದು:

```sql
SELECT COUNT(*)
FROM accounts a
LEFT JOIN customers c
  ON a.cust_id = c.cust_id
WHERE c.cust_id IS NULL;
```

ಮೂಲದಲ್ಲಿ ಎಷ್ಟು ಬರುತ್ತದೋ ಇಲ್ಲೂ ಅಷ್ಟೇ ಬರಬೇಕು. ಸೊನ್ನೆಯೇ ಬರಬೇಕೆಂದಿಲ್ಲ, ಏಕೆಂದರೆ ಹಳೆಯ ಡೇಟಾಬೇಸುಗಳಲ್ಲಿ ಮೊದಲೇ ಕೆಲವು ಅನಾಥ ದಾಖಲೆಗಳು ಇರುತ್ತವೆ.

ಸೋರಿಕೆ ಹೆಚ್ಚಾಗಿ ಆಗುವುದು ಯಾರೂ ಗಮನಿಸದ ಕಾಲಂಗಳಲ್ಲಿ. ವಹಿವಾಟಿನ ವಿವರಣೆಯಲ್ಲಿ ಯುಪಿಐ ಮೂಲಕ ಹಣ ಕಳಿಸಿದವರ ಹೆಸರು, ಫೋನ್ ಸಂಖ್ಯೆ ಹಾಗೇ ಕುಳಿತಿರುತ್ತವೆ. ಷರಾ ಕಾಲಂನಲ್ಲಿ ಗುಮಾಸ್ತರು ‘ಮಗನ ನಂಬರಿಗೆ ಫೋನ್ ಮಾಡಿ’ ಎಂದು ಬರೆದು ನಂಬರನ್ನೂ ಸೇರಿಸಿರುತ್ತಾರೆ. ಹತ್ತಂಕಿಯ ಸಾಲು ಎಲ್ಲೆಲ್ಲಿದೆ ಎಂದು ಪ್ರತಿ ಪಠ್ಯ ಕಾಲಂನಲ್ಲೂ ಹುಡುಕಿ, ಸಿಕ್ಕಿದ್ದನ್ನು ಮೂಲ ಗ್ರಾಹಕರ ಪಟ್ಟಿಯೊಂದಿಗೆ ಹೋಲಿಸಿದರೆ ಇದು ಪತ್ತೆಯಾಗುತ್ತದೆ. ಇನ್ನು ಕೆಲವು ಗುರುತುಗಳು ಮಾಸ್ಕಿಂಗ್‌ಗೂ ಬಗ್ಗುವುದಿಲ್ಲ. ಸಣ್ಣ ಊರಿನ ಶಾಖೆಯಲ್ಲಿ ಐದು ಕೋಟಿ ಠೇವಣಿ ಇಟ್ಟಿರುವುದು ಒಬ್ಬರೇ ಆಗಿದ್ದರೆ, ಹೆಸರು ಏನೇ ಇದ್ದರೂ ಊರವರಿಗೆ ಅದು ಯಾರೆಂದು ಗೊತ್ತು. ಅಂಥ ದಾಖಲೆಯ ಶಾಖೆಯನ್ನೋ ಮೊತ್ತವನ್ನೋ ಬದಲಿಸಬೇಕು, ಇಲ್ಲವೇ ಅದನ್ನು ಕೈಬಿಡಬೇಕು.

ಮಾಸ್ಕಿಂಗ್ ನಡೆಯಬೇಕಾದದ್ದು ಪ್ರೊಡಕ್ಷನ್‌ನಷ್ಟೇ ಕಾವಲಿರುವ ಜಾಗದಲ್ಲಿ, ನಕಲು ಹೊರಗೆ ಕಾಲಿಡುವ ಮೊದಲು. ಟೆಸ್ಟ್ ಸರ್ವರಿಗೆ ತಂದಿಟ್ಟ ಮೇಲೆ ಮಾಸ್ಕ್ ಮಾಡಿದರೆ ಮೂಲ ಡೇಟಾ ಅಲ್ಲಿನ ಬ್ಯಾಕಪ್‌ಗಳಲ್ಲೂ ಲಾಗ್ ಫೈಲುಗಳಲ್ಲೂ ಆಗಲೇ ಉಳಿದುಬಿಟ್ಟಿರುತ್ತದೆ.