ಮೆಣಸಿನ ರೋಗವನ್ನು ಹುಡುಕುವ ಲೆಕ್ಕ

ವಯನಾಡಿನ ಕರಿಮೆಣಸಿನ ಬಳ್ಳಿಗೆ ಮಳೆಗಾಲದಲ್ಲಿ ಬರುವ ಒಂದು ರೋಗವಿದೆ. ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯ ಕೆಲಸ ಅದು. ಎಲೆಯ ಮೇಲೆ ಕಪ್ಪು ಕಲೆ ಕಾಣಿಸುತ್ತದೆ, ಬುಡ ಕೊಳೆಯುತ್ತದೆ, ನೋಡನೋಡುತ್ತಿದ್ದಂತೆ ಬಳ್ಳಿ ಸೊರಗಿ ಹೋಗುತ್ತದೆ. ಮಲಯಾಳಂ ಕೃಷಿ ಪುಸ್ತಿಕೆಗಳಲ್ಲಿ ಇದು ದ್ರುತವಾಟ್ಟಂ, ಇಂಗ್ಲಿಷ್ ವರದಿಗಳಲ್ಲಿ ಕ್ವಿಕ್ ವಿಲ್ಟ್, ನಮ್ಮಲ್ಲಿ ಸೊರಗು ರೋಗ. ಬೆಳೆಗೂ ಒಂದೇ ಹೆಸರಿಲ್ಲ. ಕನ್ನಡದಲ್ಲೇ ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು ಎನ್ನುವವರಿದ್ದಾರೆ. ಜಿಲ್ಲೆಯನ್ನೂ ವಯನಾಡು, ವಯನಾಡ್, ವೈನಾಡು ಎಂದು ಮೂರು ಬಗೆಯಲ್ಲಿ ಬರೆಯುತ್ತೇವೆ. ಈ ಬಗ್ಗೆ ಒಂದಷ್ಟು ಕಡತಗಳನ್ನು ಗಣಕಕ್ಕೆ ತುಂಬಿ, ಮೇಲೊಂದು ಹುಡುಕು ಪೆಟ್ಟಿಗೆ ಇಟ್ಟರೆ ಒಳಗೆ ಏನಾಗುತ್ತದೆ?

ಹಳೆಯ ವಿಧಾನದಿಂದಲೇ ಶುರು ಮಾಡೋಣ. ಅದಕ್ಕೆ ಟಿಎಫ್-ಐಡಿಎಫ್ ಎಂದು ಹೆಸರು. ಅದರಲ್ಲಿ ಎರಡು ಎಣಿಕೆಗಳಿವೆ. ಒಂದು ಕಡತದಲ್ಲಿ ಒಂದು ಪದ ಎಷ್ಟು ಸಲ ಬಂದಿದೆ ಎಂಬುದು ಮೊದಲನೆಯದು. ಇಡೀ ಸಂಗ್ರಹದಲ್ಲಿ ಎಷ್ಟು ಕಡತಗಳಲ್ಲಿ ಆ ಪದ ಇದೆ ಎಂಬುದು ಎರಡನೆಯದು. ಎಲ್ಲೆಡೆ ಸಿಗುವ ಪದಕ್ಕೆ ಬೆಲೆ ಕಡಿಮೆ, ಅಪರೂಪದ ಪದಕ್ಕೆ ಬೆಲೆ ಹೆಚ್ಚು. ಈ ಎರಡನೆಯ ಎಣಿಕೆಯ ಮಹತ್ವವನ್ನು 1972ರಲ್ಲಿ ಕೇಂಬ್ರಿಜ್‌ನ ಕ್ಯಾರೆನ್ ಸ್ಪಾರ್ಕ್ ಜೋನ್ಸ್ ಒಂದು ಪ್ರಬಂಧದಲ್ಲಿ ತೋರಿಸಿದರು. ಅಷ್ಟು ಸರಳವಾದದ್ದು ಐವತ್ತು ವರ್ಷ ಕಳೆದರೂ ಬಳಕೆಯಲ್ಲಿ ಉಳಿದಿದೆ.

ಲೆಕ್ಕಕ್ಕಾಗಿ ನಾಲ್ಕು ಪುಟ್ಟ ಟಿಪ್ಪಣಿಗಳನ್ನು ಕಟ್ಟಿಕೊಳ್ಳೋಣ. ವಿಭಕ್ತಿಗಳನ್ನು ಸದ್ಯಕ್ಕೆ ಕಳಚಿ ಇಟ್ಟಿದ್ದೇನೆ. ಒಂದು ಟಿಪ್ಪಣಿಯಲ್ಲಿ ಪ್ರತಿ ಪದವೂ ಒಂದೇ ಸಲ ಬರುವುದರಿಂದ ಮೊದಲ ಎಣಿಕೆ ಎಲ್ಲೆಡೆ 1, ಎರಡನೆಯದನ್ನು ಮಾತ್ರ ನೋಡಿದರೆ ಸಾಕು.

ಒಂದನೆಯದು: ವಯನಾಡು ಕರಿಮೆಣಸು ಬಳ್ಳಿ ಸೊರಗು ರೋಗ.
ಎರಡನೆಯದು: ವಯನಾಡು ಕಾಫಿ ತೋಟ ಕರಿಮೆಣಸು ಬಳ್ಳಿ.
ಮೂರನೆಯದು: ವಯನಾಡು ಶುಂಠಿ ಗಡ್ಡೆ ಕೊಳೆ ರೋಗ.
ನಾಲ್ಕನೆಯದು: ವಯನಾಡು ಗಂಧಕಸಾಲ ಭತ್ತ ಗದ್ದೆ.

ಒಟ್ಟು ಕಡತಗಳ ಸಂಖ್ಯೆಯನ್ನು ಪದ ಇರುವ ಕಡತಗಳ ಸಂಖ್ಯೆಯಿಂದ ಭಾಗಿಸಿ, ಬಂದದ್ದರ ಲಾಗರಿದಮ್ ತೆಗೆದರೆ ಪದದ ತೂಕ ಸಿಗುತ್ತದೆ. ಅಂಕಿಗಳು ಸುಲಭವಾಗಿರಲೆಂದು 2ರ ಬುಡದ ಲಾಗರಿದಮ್ ಹಿಡಿಯೋಣ. ‘ಸೊರಗು’ ಒಂದೇ ಟಿಪ್ಪಣಿಯಲ್ಲಿದೆ, ಆದ್ದರಿಂದ `log2(4/1) = 2`. ‘ಕರಿಮೆಣಸು’, ‘ಬಳ್ಳಿ’, ‘ರೋಗ’ ಎರಡೆರಡರಲ್ಲಿವೆ, ಅವುಗಳ ತೂಕ 1. ‘ವಯನಾಡು’ ನಾಲ್ಕರಲ್ಲೂ ಇದೆ, ಅದರ ತೂಕ `log2(4/4) = 0`. ವಯನಾಡಿನ ಬಗ್ಗೆಯೇ ಇರುವ ಸಂಗ್ರಹದಲ್ಲಿ ಆ ಹೆಸರಿನಿಂದ ಏನೂ ತಿಳಿಯುವುದಿಲ್ಲ ಎಂದು ಲೆಕ್ಕವೇ ಕಂಡುಕೊಂಡಿತು, ಯಾರೂ ಹೇಳಿಕೊಡಲಿಲ್ಲ. ಇದೇ ನಾಲ್ಕು ಟಿಪ್ಪಣಿಗಳನ್ನು ಬೇರೆ ಊರುಗಳ 1,020 ಕಡತಗಳೊಡನೆ ಬೆರೆಸಿದರೆ ಅದೇ ಪದದ ತೂಕ 8ಕ್ಕೆ ಏರುತ್ತದೆ. ಪದದ ಬೆಲೆ ಅದು ಯಾವ ಗುಂಪಿನಲ್ಲಿದೆ ಎಂಬುದನ್ನು ಅವಲಂಬಿಸಿದೆ.

ಈಗ ಪ್ರಶ್ನೆ: ‘ವಯನಾಡು ಕರಿಮೆಣಸು ರೋಗ’. ಪ್ರಶ್ನೆಯೂ ಒಂದು ಪುಟ್ಟ ಕಡತವೇ, ತೂಕಗಳು 0, 1, 1. ಪ್ರತಿ ಪದವನ್ನೂ ಒಂದೊಂದು ದಿಕ್ಕು ಎಂದು ಭಾವಿಸಿದರೆ ಪ್ರತಿ ಕಡತ ಒಂದು ಬಾಣವಾಗುತ್ತದೆ. ಎರಡು ಬಾಣಗಳ ನಡುವಿನ ಕೋನದ ಕೊಸೈನ್ ಅವುಗಳ ಸಾಮ್ಯದ ಅಳತೆ. ಕಲ್ಪೆಟ್ಟದಿಂದ ಮೀನಂಗಾಡಿಗೆ ಹೊರಟವನೂ ಸುಲ್ತಾನ್ ಬತ್ತೇರಿಗೆ ಹೊರಟವನೂ ಹಿಡಿಯುವುದು ಒಂದೇ ದಾರಿ, ದೂರ ಮಾತ್ರ ಬೇರೆ. ವೈತಿರಿಗೆ ಹೊರಟವನು ತಿರುಗುವುದೇ ಬೇರೆ ಕಡೆಗೆ. ಕೊಸೈನ್ ನೋಡುವುದು ದಿಕ್ಕನ್ನು, ದೂರವನ್ನಲ್ಲ. ಹಾಗಾಗಿ ಹತ್ತು ಪುಟದ ವರದಿ ಬರೀ ಉದ್ದದ ಬಲದಿಂದ ಹತ್ತು ಸಾಲಿನ ಟಿಪ್ಪಣಿಯನ್ನು ಹಿಂದೆ ಹಾಕಲಾರದು.

ಮೊದಲ ಟಿಪ್ಪಣಿಯೊಡನೆ ಪ್ರಶ್ನೆಗೆ ಎರಡು ಪದಗಳು ಹೊಂದುತ್ತವೆ, ಗುಣಿಸಿ ಕೂಡಿದರೆ 2. ಅದನ್ನು ಎರಡೂ ಬಾಣಗಳ ಉದ್ದಗಳಿಂದ, ಅಂದರೆ √2 ಮತ್ತು √7ರಿಂದ ಭಾಗಿಸಬೇಕು. ಉತ್ತರ 0.53. ಕಾಫಿ ತೋಟದ ಟಿಪ್ಪಣಿಗೆ 0.22, ಶುಂಠಿಯದಕ್ಕೆ 0.20, ಭತ್ತಕ್ಕೆ 0. ನಾವೇ ಕೂತು ಜೋಡಿಸಿದ್ದರೂ ಇದೇ ಅನುಕ್ರಮ ಬರುತ್ತಿತ್ತು.

ಆದರೆ ಯಾರೂ ಹಾಗೆ ಕೇಳುವುದಿಲ್ಲ. ‘ವಯನಾಡಿನಲ್ಲಿ ಕಾಳುಮೆಣಸಿಗೆ ಬರುವ ಸೊರಗುರೋಗ’ ಎಂದು ಕೇಳುತ್ತಾರೆ. ನಾಲ್ಕೂ ಟಿಪ್ಪಣಿಗಳಿಗೆ ಸೊನ್ನೆ! ‘ವಯನಾಡಿನಲ್ಲಿ’ ಎಂಬುದು ಯಂತ್ರದ ಕಣ್ಣಿಗೆ ‘ವಯನಾಡು’ ಅಲ್ಲ, ಸಮಾಸವಾಗಿ ಕೂಡಿ ಬರೆದ ‘ಸೊರಗುರೋಗ’ ಮೂರನೆಯದೇ ಒಂದು ಪದ. ಇಂಗ್ಲಿಷಿನಲ್ಲಿ ಬಿಡಿಯಾಗಿ ನಿಲ್ಲುವುದೆಲ್ಲ ಕನ್ನಡದಲ್ಲಿ ಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ಇಂಗ್ಲಿಷ್ ಕಡತಗಳಲ್ಲಿ ಚೆನ್ನಾಗಿ ನಡೆದ ಉಪಕರಣ ನಮ್ಮಲ್ಲಿ ಮುಗ್ಗರಿಸುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಅದು ಸದ್ದೇ ಮಾಡುವುದಿಲ್ಲ. ಪೈಥಾನ್‌ನಲ್ಲಿ ಈ ಕೆಲಸಕ್ಕೆ ಬಹಳ ಮಂದಿ ಬಳಸುವುದು ಸೈಕಿಟ್-ಲರ್ನ್ ಎಂಬ ಗ್ರಂಥಾಲಯವನ್ನು. ಏನನ್ನೂ ಬದಲಿಸದೆ ಓಡಿಸಿದರೆ ಅದು ಅಕ್ಷರಗಳ ಸಾಲನ್ನು ಮಾತ್ರ ಪದವೆಂದು ಎಣಿಸುತ್ತದೆ, ಒಂದೇ ಅಕ್ಷರದ ಪದವನ್ನು ಎಸೆಯುತ್ತದೆ. ನಮ್ಮ ಗುಣಿತದ ಚಿಹ್ನೆ, ಅನುಸ್ವಾರ, ಒತ್ತಕ್ಷರ ಕೂಡಿಸುವ ಗುರುತು ಯಾವುದೂ ಅದರ ಪಾಲಿಗೆ ಅಕ್ಷರವಲ್ಲ, ಅವು ಬಂದಲ್ಲೆಲ್ಲ ಪದ ತುಂಡಾಗುತ್ತದೆ. ‘ವಯನಾಡು’ ಹೋಗಿ ‘ವಯನ’ ಉಳಿಯುತ್ತದೆ. ‘ಕರಿಮೆಣಸು’ ಒಡೆದು ‘ಕರ’ ಮತ್ತು ‘ಣಸ’ ಆಗುತ್ತದೆ. ‘ರೋಗ’ದಲ್ಲಿ ರ, ಗ ಎರಡೂ ಒಂಟಿಯಾಗಿ ನಿಂತು ಇಡೀ ಪದವೇ ಮಾಯವಾಗುತ್ತದೆ. ಕಾಫಿ, ತೋಟ, ಶುಂಠಿಗಳ ಗತಿಯೂ ಅದೇ.

ಹೀಗಾದಾಗ ನಮ್ಮ ಮೊದಲ ಪ್ರಶ್ನೆಗೆ ಏನು ಉತ್ತರ ಬರುತ್ತದೆ ನೋಡಿ. ಪ್ರಶ್ನೆಯಲ್ಲಿ ಉಳಿದದ್ದು ‘ವಯನ’, ‘ಕರ’, ‘ಣಸ’. ಕಾಫಿ ತೋಟದ ಟಿಪ್ಪಣಿಯಲ್ಲಿ ಇವಿಷ್ಟೂ ಇವೆ, ಜೊತೆಗೆ ‘ಬಳ್ಳಿ’ಯ ಚೂರಾದ ‘ಬಳ’. ರೋಗದ ಟಿಪ್ಪಣಿಯಲ್ಲಿ ಇವುಗಳ ಮೇಲೆ ‘ಸೊರಗು’ವಿನ ಚೂರು ‘ರಗ’ ಹೆಚ್ಚಿಗೆ ಇದೆ, ಅದು ಬಾಣವನ್ನು ಬೇರೆಡೆಗೆ ತಿರುಗಿಸುತ್ತದೆ. ನಮ್ಮದೇ ಲೆಕ್ಕದಲ್ಲಿ ಕಾಫಿ ತೋಟಕ್ಕೆ 0.82, ರೋಗಕ್ಕೆ 0.53. ರೋಗ ಕೇಳಿದವನಿಗೆ ಕಾಫಿ ತೋಟ ಮೊದಲು ಸಿಗುತ್ತದೆ. ತಪ್ಪಿನ ಸೂಚನೆ ಎಲ್ಲೂ ಬರುವುದಿಲ್ಲ, ಅಂಕ ಮಾತ್ರ ಮುಂಚಿಗಿಂತ ಹೆಚ್ಚು ಭರವಸೆ ಕೊಡುವಂತಿದೆ. (ಸೈಕಿಟ್-ಲರ್ನ್ ತನ್ನ ಸೂತ್ರದಲ್ಲಿ ಚೂರು ತಿದ್ದುಪಡಿ ಮಾಡಿಕೊಂಡು ಯಾವ ಪದಕ್ಕೂ ಸೊನ್ನೆ ತೂಕ ಬಾರದಂತೆ ನೋಡಿಕೊಳ್ಳುತ್ತದೆ. ಹಾಗಾಗಿ ಅಲ್ಲಿ ಅಂಕಿಗಳು ಬೇರೆ, ಅನುಕ್ರಮ ಇದೇ.) ಪತ್ತೆ ಹಚ್ಚುವುದು ಸುಲಭ. `get_feature_names_out()` ಎಂದು ಕೇಳಿ, ಯಂತ್ರ ಕಲಿತ ಪದಗಳ ಪಟ್ಟಿ ತೆಗೆದು ಓದಬೇಕು. ಅದರಲ್ಲಿ ‘ಣಸ’ ಕಂಡರೆ ಕಾರಣ ತಿಳಿಯಿತು.

ಎರಡು ಕಾಯಿಲೆಗಳಿಗೂ ಒಂದೇ ಮದ್ದಿದೆ. ಇಡೀ ಪದದ ಬದಲು ಪದದೊಳಗಿನ ಮೂರರಿಂದ ಐದು ಸಂಕೇತಗಳ ತುಣುಕುಗಳನ್ನು ಎಣಿಸುವುದು:

```python
TfidfVectorizer(analyzer="char_wb", ngram_range=(3, 5))
```

ಇಲ್ಲಿ ಪದವನ್ನು ಬಿಡಿಸುವುದು ಖಾಲಿ ಜಾಗ ನೋಡಿ, ಗುಣಿತದ ಚಿಹ್ನೆಗಳೂ ಎಣಿಕೆಗೆ ಬರುತ್ತವೆ. ‘ವಯನಾಡಿನಲ್ಲಿ’ಗೂ ‘ವಯನಾಡು’ವಿಗೂ ‘ವಯನಾಡ’ ಸಮಾನ, ‘ಕಾಳುಮೆಣಸಿಗೆ’ಗೂ ‘ಕರಿಮೆಣಸು’ವಿಗೂ ‘ಮೆಣಸ’ ಸಮಾನ, ‘ಸೊರಗುರೋಗ’ದೊಳಗೆ ‘ಸೊರಗು’ ಇಡಿಯಾಗಿಯೇ ಇದೆ. ಸೊನ್ನೆ ಬಂದಿದ್ದ ಪ್ರಶ್ನೆಗೆ ಈಗ ಸರಿಯಾದ ಟಿಪ್ಪಣಿ ಸಿಗುತ್ತದೆ. ಮೆಣಸಿನಕಾಯಿಯ ಕಡತವೂ ‘ಮೆಣಸ’ದ ಎಳೆ ಹಿಡಿದು ಒಳಗೆ ನುಸುಳುತ್ತದೆ, ಅಷ್ಟನ್ನು ಸಹಿಸಿಕೊಳ್ಳಬೇಕು.

ಆದರೆ ಮಲಯಾಳಂ ಪುಸ್ತಿಕೆಯ ದ್ರುತವಾಟ್ಟಂ ಇದಕ್ಕೆ ಎಂದೂ ಎಟುಕದು. ಲಿಪಿಯೇ ಬೇರೆ, ಒಂದು ಸಂಕೇತವೂ ಸಮಾನವಿಲ್ಲ. ಇಲ್ಲಿ ಎಂಬೆಡಿಂಗ್ ಬೇಕು. ಇದರಲ್ಲಿ ಪದಗಳನ್ನು ಎಣಿಸುವುದಿಲ್ಲ. ಹಲವು ಭಾಷೆಗಳ ಅಪಾರ ಪಠ್ಯದ ಮೇಲೆ ಪಳಗಿಸಿದ ನರಜಾಲವೊಂದು ಇಡೀ ವಾಕ್ಯವನ್ನು ಓದಿ ಅದಕ್ಕೆ ನಿಗದಿತ ಉದ್ದದ ಅಂಕಿಗಳ ಸಾಲು ಕೊಡುತ್ತದೆ. 2023ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಹೊರತಂದ `multilingual-e5-base` ಎಂಬ ಮಾದರಿಯಲ್ಲಿ ಆ ಸಾಲಿನ ಉದ್ದ 768. ಪ್ರಶ್ನೆಯನ್ನೂ ಅದಕ್ಕೆ ತಕ್ಕ ಉತ್ತರವನ್ನೂ ಹತ್ತಿರ ಎಳೆ, ತಕ್ಕದ್ದಲ್ಲದ್ದನ್ನು ದೂರ ತಳ್ಳು ಎಂದು ಅದನ್ನು ಪಳಗಿಸಿದ್ದಾರೆ. ಹೀಗಾಗಿ ಕನ್ನಡದ ಪ್ರಶ್ನೆಯ ಬಾಣ ಅದೇ ಅರ್ಥದ ಮಲಯಾಳಂ ವಾಕ್ಯದ ಬಾಣದ ಬಳಿ ಬೀಳಬಲ್ಲದು. ಕೊನೆಯಲ್ಲಿ ಅಳೆಯುವುದು ಮತ್ತದೇ ಕೊಸೈನ್.

ಇದಕ್ಕೂ ಅದರದ್ದೇ ಹಟಗಳಿವೆ. ಪ್ರಶ್ನೆಯ ಮುಂದೆ `query: ` ಎಂದೂ ಕಡತದ ಮುಂದೆ `passage: ` ಎಂದೂ ಸೇರಿಸಬೇಕು, ಮರೆತರೆ ಫಲಿತಾಂಶ ಸೊರಗುತ್ತದೆ. 512 ತುಣುಕುಗಳಾಚೆಗಿನ ಪಠ್ಯವನ್ನು ಅದು ಓದುವುದೇ ಇಲ್ಲ. ಹಾಗಾಗಿ ಉದ್ದದ ವರದಿಯನ್ನು ಮೊದಲೇ ಕತ್ತರಿಸಿ ಕೊಡಬೇಕು.

ನನಗೆ ಹೆಚ್ಚು ತೊಡಕೆನಿಸುವುದು ಅಂಕಗಳ ವಿಷಯ. ಈ ಮಾದರಿಯನ್ನು ಪಳಗಿಸಿದ ರೀತಿಯಿಂದಾಗಿ ಅದರ ಕೊಸೈನ್‌ಗಳು ಹೆಚ್ಚುಕಡಿಮೆ 0.7ರಿಂದ 1.0ರ ನಡುವೆಯೇ ಗುಂಪುಗೂಡುತ್ತವೆ, ತಯಾರಕರೇ ಹಾಗೆಂದು ಬರೆದಿದ್ದಾರೆ. 0.75 ಬಂದರೆ ಅದು ಮುಕ್ಕಾಲು ಪಾಲು ಹೊಂದಿಕೆಯಲ್ಲ, ಸಂಬಂಧವೇ ಇಲ್ಲದ ಕಡತಕ್ಕೂ ಅಷ್ಟು ಬರಬಹುದು. ಪದ ಎಣಿಸುವ ವಿಧಾನ ‘ನನ್ನಲ್ಲಿಲ್ಲ’ ಎನ್ನಬೇಕಾದಲ್ಲಿ ಸೊನ್ನೆ ಕೊಡುತ್ತದೆ. ಎಂಬೆಡಿಂಗ್‌ಗೆ ಇಲ್ಲ ಎನ್ನಲು ಬರುವುದಿಲ್ಲ, ಇದ್ದುದರಲ್ಲಿ ಹತ್ತಿರದ್ದನ್ನು ಎತ್ತಿಕೊಡುತ್ತದೆ.

ಮೆಣಸಿನ ತೋಟದಲ್ಲಿ ಇದರ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ನೋಡಬೇಕಾದರೆ ತಳಿಗಳ ಹೆಸರಿಗೆ ಬರಬೇಕು. ನೆರೆಯ ಕಣ್ಣೂರು ಜಿಲ್ಲೆಯ ಪನ್ನಿಯೂರು ಸಂಶೋಧನಾ ಕೇಂದ್ರದ ಪನ್ನಿಯೂರು-1 ಉದಿರನ್‌ಕೊಟ್ಟ ಮತ್ತು ಚೆರಿಯಕಾಣಿಯಕ್ಕಾಡನ್ ಎಂಬ ಎರಡು ತಳಿಗಳ ಸಂಕರ. ಅಲ್ಲಿಯದೇ ಪನ್ನಿಯೂರು-5 ಪೆರುಂಕೊಡಿಯಿಂದ ಆಯ್ದದ್ದು, ನೆರಳನ್ನು ತಾಳಿಕೊಳ್ಳುತ್ತದೆ. ಕಾಫಿ ಗಿಡಗಳ ನಡುವೆ ನೆರಳಿನಲ್ಲಿ ಬಳ್ಳಿ ಹಬ್ಬಿಸುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಒಂದೇ ಅಂಕಿ ಬೇರೆಯಿರುವ ಈ ಎರಡು ಹೆಸರುಗಳ ಬಾಣಗಳು ಎಂಬೆಡಿಂಗ್‌ನಲ್ಲಿ ಹೆಚ್ಚುಕಡಿಮೆ ಒಂದರ ಮೇಲೊಂದು ಬೀಳುತ್ತವೆ. ಔಷಧದ ಪ್ರಮಾಣದಲ್ಲೂ ಇದೇ ಕಥೆ. ಶೇ. 1ರ ಬೋರ್ಡೋ ದ್ರಾವಣ ಎಲೆಗೆ ಸಿಂಪಡಿಸಲು, ಶೇ. 0.2ರ ತಾಮ್ರದ ಆಕ್ಸಿಕ್ಲೋರೈಡ್ ಬುಡಕ್ಕೆ ಸುರಿಯಲು. ಟಿಎಫ್-ಐಡಿಎಫ್‌ನಲ್ಲಿ ‘ಪನ್ನಿಯೂರು-5’ ಅಪರೂಪದ ಪದವಾದ್ದರಿಂದ ದೊಡ್ಡ ತೂಕ ಪಡೆದು ಸರಿಯಾದ ಕಡತವನ್ನೇ ಮೇಲಕ್ಕೆ ಎಳೆಯುತ್ತದೆ.

ಆದ್ದರಿಂದ ಎರಡನ್ನೂ ಓಡಿಸಿ ಪಟ್ಟಿಗಳನ್ನು ಬೆಸೆಯುವುದು ವಾಡಿಕೆ. ಅಂಕಗಳನ್ನು ನೇರವಾಗಿ ಕೂಡುವಂತಿಲ್ಲ, ಒಂದರ 0.2 ಇನ್ನೊಂದರ 0.8ಕ್ಕಿಂತ ಮೇಲಾಗಿರಬಹುದು. ಅದಕ್ಕೆ ಸ್ಥಾನಗಳನ್ನು ಮಾತ್ರ ನೋಡಿ, ಪ್ರತಿ ಪಟ್ಟಿಯಿಂದ `1/(60 + ಸ್ಥಾನ)` ಕೊಟ್ಟು ಕೂಡುತ್ತಾರೆ. ಎರಡೂ ಪಟ್ಟಿಗಳಲ್ಲಿ ಎರಡನೆಯದಾಗಿ ಬಂದ ಕಡತಕ್ಕೆ 0.032, ಒಂದರಲ್ಲಿ ಮಾತ್ರ ಮೊದಲು ಬಂದದ್ದಕ್ಕೆ 0.016. ಇಬ್ಬರೂ ಒಪ್ಪಿದ್ದು ಮೇಲೆ ಬರುತ್ತದೆ. ಮಲಯಾಳಂ ಪುಸ್ತಿಕೆ ಎಂಬೆಡಿಂಗ್ ಪಟ್ಟಿಯಲ್ಲಷ್ಟೇ ಇರುತ್ತದೆ, ಆದರೂ ಒಳಗೆ ಬರುತ್ತದೆ. ಪನ್ನಿಯೂರು-5 ಕೇಳಿದವನ ಮುಂದೆ ಪನ್ನಿಯೂರು-1ರ ಕಡತವೂ ಅದೇ ಬಾಗಿಲಿನಿಂದ ಬರುತ್ತದೆ. ಬೆಸೆದ ಮೇಲೆ ಯಾವುದು ಯಾವ ಪಟ್ಟಿಯಿಂದ ಬಂತೆಂದು ಅಳಿಸಿಬಿಟ್ಟರೆ ಓದುಗನಿಗೆ ಇವೆರಡರ ವ್ಯತ್ಯಾಸ ಕಾಣುವುದಿಲ್ಲ. ನಾನಾದರೆ ಪ್ರತಿ ಫಲಿತಾಂಶದ ಪಕ್ಕದಲ್ಲಿ ಪ್ರಶ್ನೆಯ ಯಾವ ಪದಗಳು ಆ ಕಡತದಲ್ಲಿ ನಿಜವಾಗಿ ಇವೆ ಎಂದು ಬರೆಸುತ್ತೇನೆ, ಒಂದೂ ಇಲ್ಲದಿದ್ದರೆ ಇಲ್ಲವೆಂದೇ ಬರೆಸುತ್ತೇನೆ.